ಅಣಕು ನ್ಯಾಯಾಲಯದ ಪಾಟೀ ಸವಾಲು: ಸಾಕ್ಷಿ "ಇಲ್ಲ" ಅಂದರೆ ಮುಂದೇನು?

ಎರಡನೇ ವರ್ಷದ ಎಲ್‌ಎಲ್‌ಬಿ

ಎಲ್ಲರಿಗೂ ನಮಸ್ಕಾರ. ಮುಂದಿನ ಶನಿವಾರ ನಮ್ಮ ಕಾಲೇಜಿನಲ್ಲಿ ಅಣಕು ವಿಚಾರಣೆ ಇದೆ. ನಾನು ಆರೋಪಿ ಪರ ವಕೀಲ. ಬರೆದಿಟ್ಟುಕೊಂಡ ಪ್ರಶ್ನೆಗಳನ್ನು ಇಲ್ಲಿ ಹಾಕುತ್ತಿದ್ದೇನೆ. ತಪ್ಪಿದ್ದರೆ ನೇರವಾಗಿ ಹೇಳಿ.

ಕೇಸು ಇಷ್ಟು. 2024ರ ನವೆಂಬರ್, ರಾತ್ರಿ 8.30. ಜಮೀನಿನ ಬದುವಿನ ವಿಷಯಕ್ಕೆ ಜಗಳ. ಆರೋಪಿ ದೊಣ್ಣೆಯಿಂದ ಹೊಡೆದು ಫಿರ್ಯಾದಿಯ ಬಲಗೈ ಮುರಿದ ಅಂತ ಆರೋಪ. ಪಕ್ಕದ ಜಮೀನಿನವನು 2ನೇ ಸಾಕ್ಷಿ. ಅವನೊಬ್ಬನೇ ಪ್ರತ್ಯಕ್ಷದರ್ಶಿ.

*ಮುಖ್ಯ ವಿಚಾರಣೆ*

ಸರ್ಕಾರಿ ವಕೀಲರು: ಆರೋಪಿ ದೊಣ್ಣೆಯಿಂದ ಫಿರ್ಯಾದಿಯ ಬಲಗೈಗೆ ಹೊಡೆದದ್ದನ್ನು ನೀವು ನೋಡಿದಿರಿ, ಅಲ್ವಾ?
ನಾನು: ಆಕ್ಷೇಪಣೆ ಇದೆ ಸ್ವಾಮಿ. ಉತ್ತರವನ್ನು ಸಾಕ್ಷಿಯ ಬಾಯಿಗೆ ಇಡುತ್ತಿದ್ದಾರೆ.
ನ್ಯಾಯಾಧೀಶರು: ಸರಿ. ಬೇರೆ ರೀತಿ ಕೇಳಿ.
ಸರ್ಕಾರಿ ವಕೀಲರು: ಆಮೇಲೆ ಏನಾಯಿತು?
ಸಾಕ್ಷಿ: ಅವನು ದೊಣ್ಣೆಯಿಂದ ಬಲಗೈಗೆ ಹೊಡೆದ. ನಾನು ಕಣ್ಣಾರೆ ಕಂಡೆ.

*ಪಾಟೀ ಸವಾಲು*

ನಾನು: ಆ ಹೊತ್ತಿಗೆ ನೀವು ಪಕ್ಕದೂರಿನ ಮದುವೆಯಲ್ಲಿ ಇದ್ದಿರಿ, ಅಲ್ವಾ?
ಸಾಕ್ಷಿ: ಇಲ್ಲ.
ನಾನು: ಸೊಸೈಟಿ ಕೆಲಸದಿಂದ ನಿಮ್ಮನ್ನು ಹಣ ನುಂಗಿದ್ದಕ್ಕೆ ತೆಗೆದುಹಾಕಿದರು?
ಸಾಕ್ಷಿ: ಇಲ್ಲ.
ನಾನು: 2006ರಲ್ಲಿ ವಂಚನೆ ಕೇಸಿನಲ್ಲಿ ನಿಮಗೆ ಶಿಕ್ಷೆ ಆಗಿದೆ?
ಸಾಕ್ಷಿ: ಇಲ್ಲ.
ನಾನು: ಆರೋಪಿಯ ಮನೆಯವರ ಮೇಲೆ ನಿಮ್ಮ ಮನೆಯವರು ದಾರಿಯ ಬಗ್ಗೆ ದಾವೆ ಹೂಡಿದ್ದೀರಿ?
ಸಾಕ್ಷಿ: ಇಲ್ಲ.
ನಾನು: ನಿಮ್ಮ ಹೆಂಡತಿ ನಿಮ್ಮನ್ನು ಬಿಟ್ಟು ಹೋದದ್ದು ಯಾಕೆ ಅಂತ ಕೋರ್ಟಿಗೆ ಹೇಳಿ.
ಸರ್ಕಾರಿ ವಕೀಲರು: ಆಕ್ಷೇಪಣೆ!
ನಾನು: ಹೊಡೆದದ್ದನ್ನು ನೋಡಿದೆ ಅಂತ ನೀವು ಪೊಲೀಸರ ಮುಂದೆ ಹೇಳಿಯೇ ಇಲ್ಲ?
ಸಾಕ್ಷಿ: ಹೇಳಿದ್ದೇನೆ.

ಕಡತದಲ್ಲಿ ಅವನ ಪೊಲೀಸ್ ಹೇಳಿಕೆ ಇದೆ. ಅದರಲ್ಲಿ ಇರುವುದು: "ಕೂಗು ಕೇಳಿ ಓಡಿ ಹೋದೆ. ಅಷ್ಟರಲ್ಲಿ ಫಿರ್ಯಾದಿ ಕೆಳಗೆ ಬಿದ್ದಿದ್ದ. ಆರೋಪಿ ದೊಣ್ಣೆ ಹಿಡಿದು ನಿಂತಿದ್ದ."

ನನ್ನ ಗೊಂದಲ ಇದು. ಸಾಕ್ಷಿ ಎಲ್ಲದಕ್ಕೂ "ಇಲ್ಲ" ಅಂದುಬಿಟ್ಟ. ಇದರಲ್ಲಿ ಯಾವುದು ಸುಳ್ಳು ಅಂತ ನಾನು ಸಾಕ್ಷ್ಯ ತಂದು ತೋರಿಸಬಹುದು? ಎಲ್ಲವನ್ನೂ ತೋರಿಸಬಹುದಾ?

ಸೆಕ್ಷನ್ ಶೂರ

ಪಾಟೀ ಸವಾಲಿನಲ್ಲಿ ಏನು ಬೇಕಾದರೂ ಕೇಳಬಹುದು. ಬೇಕಾದ ಉತ್ತರವನ್ನು ಪ್ರಶ್ನೆಯಲ್ಲೇ ಇಡುವ ಸೂಚಕ ಪ್ರಶ್ನೆಗೆ ಅಡ್ಡಿಯೇ ಇಲ್ಲ. ಮುಖ್ಯ ವಿಚಾರಣೆಯಲ್ಲಿ ಮಾತ್ರ ಸೂಚಕ ಪ್ರಶ್ನೆ ಪೂರ್ತಿ ನಿಷಿದ್ಧ. ಸಾಕ್ಷಿಯ ಯೋಗ್ಯತೆಯನ್ನು ಅಲುಗಾಡಿಸುವ ಹಕ್ಕು ಕಾಯ್ದೆಯಲ್ಲೇ ಇದೆ. ಆದ್ದರಿಂದ ಎಲ್ಲದಕ್ಕೂ ದಾಖಲೆ ತಂದು ಅವನು ಸುಳ್ಳುಗಾರ ಅಂತ ಸಾಬೀತು ಮಾಡು. ಧೈರ್ಯವಾಗಿ ಹೋಗು.

ಹಳೇ ಕಪ್ಪು ಕೋಟು

ಶೂರರೇ, ನಿಮ್ಮ ಮಾತಿನಲ್ಲಿ ಅರ್ಧ ಸರಿ ಇದೆ. ಉಳಿದರ್ಧ ನಂಬಿಕೊಂಡು ಹೋದರೆ ಹುಡುಗನಿಗೆ ಶನಿವಾರ ಕಷ್ಟ ಆಗುತ್ತದೆ.

ಮೊದಲು ಸೂಚಕ ಪ್ರಶ್ನೆ. ಮುಖ್ಯ ವಿಚಾರಣೆಯಲ್ಲಿ ಅದು ಪೂರ್ತಿ ನಿಷಿದ್ಧ ಅಲ್ಲ. ಎದುರಿನವರು ಆಕ್ಷೇಪಿಸಿದರೆ ಕೋರ್ಟಿನ ಅನುಮತಿ ಬೇಕು ಅಷ್ಟೇ. ಪೀಠಿಕೆಯ ವಿಷಯ, ಇಬ್ಬರೂ ಒಪ್ಪಿದ ವಿಷಯ, ಆಗಲೇ ಸಾಕಷ್ಟು ಸಾಬೀತಾದ ವಿಷಯ ಇದ್ದರೆ ಕೋರ್ಟು ಅನುಮತಿ ಕೊಡಲೇಬೇಕು. "ನಿಮ್ಮ ಜಮೀನು ಫಿರ್ಯಾದಿಯ ಜಮೀನಿನ ಪಕ್ಕದಲ್ಲೇ ಇದೆ, ಅಲ್ವಾ?" ಅಂತ ಸರ್ಕಾರಿ ವಕೀಲರು ಕೇಳಿದರೆ ಎದ್ದು ನಿಲ್ಲಬೇಡ ತಮ್ಮ. ಅದರ ಬಗ್ಗೆ ತಕರಾರೇ ಇಲ್ಲ. ಎದ್ದರೆ ನ್ಯಾಯಾಧೀಶರಿಗೆ ನಿನ್ನ ಮೇಲೆ ಬೇಸರ ಬರುತ್ತದೆ.

ಆದರೆ ದೊಣ್ಣೆ ಏಟಿನ ಪ್ರಶ್ನೆಗೆ ನೀನು ಎದ್ದದ್ದು ನೂರಕ್ಕೆ ನೂರು ಸರಿ. ಇಡೀ ಕೇಸು ನಿಂತಿರುವುದೇ ಅದರ ಮೇಲೆ. ವರ್ಕಿ ಜೋಸೆಫ್ ಪ್ರಕರಣದಲ್ಲಿ 1993ರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಖಂಡಿಸಿತು. ಅಭಿಯೋಜಕರು ತಮಗೆ ಬೇಕಾದ ಉತ್ತರವನ್ನು ಪ್ರಶ್ನೆಯಲ್ಲೇ ಇಟ್ಟು ಸಾಕ್ಷಿಯ ಬಾಯಿಂದ ಹೇಳಿಸುವುದು ಆರೋಪಿಗೆ ಅನ್ಯಾಯ ಅಂದಿತು.

ಆ "ಇಲ್ಲ"ಗಳ ಬಗ್ಗೆ ಸಂಜೆ ಬರೆಯುತ್ತೇನೆ. ಈಗ ಕೋರ್ಟಿಗೆ ಹೊರಟಿದ್ದೇನೆ.

ಪರೀಕ್ಷೆ ಹತ್ತಿರ ಬಂತು

ಹೌದು ಅಥವಾ ಇಲ್ಲ ಅಂತ ಉತ್ತರ ಬರುವ ಪ್ರಶ್ನೆಯೆಲ್ಲ ಸೂಚಕ ಪ್ರಶ್ನೆನೇ ಅಲ್ವಾ? ನಮ್ಮ ನೋಟ್ಸಿನಲ್ಲಿ ಹಾಗೇ ಇದೆ.

ಕಿರಿಯ ವಕೀಲೆ

ಅಲ್ಲ. "ಅಲ್ಲಿ ಬೆಳಕು ಇತ್ತಾ?" ಅನ್ನುವುದಕ್ಕೂ ಹೌದು, ಇಲ್ಲ ಅಂತಲೇ ಉತ್ತರ ಬರುತ್ತದೆ. ಆದರೆ ಕೇಳುವವರಿಗೆ ಯಾವ ಉತ್ತರ ಬೇಕು ಅಂತ ಅದರಲ್ಲಿ ಗೊತ್ತಾಗುವುದಿಲ್ಲ. "ಕಂಬದ ದೀಪದ ಬೆಳಕು ಚೆನ್ನಾಗಿ ಬೀಳುತ್ತಿತ್ತು, ಅಲ್ವಾ?" ಅಂದರೆ ಗೊತ್ತಾಗುತ್ತದೆ. ಕಾಯ್ದೆ ನೋಡುವುದು ಅದನ್ನೇ. ಪ್ರಶ್ನೆ ಕೇಳಿದವರು ಬಯಸುವ ಉತ್ತರ ಪ್ರಶ್ನೆಯಲ್ಲೇ ಕಾಣುತ್ತಿದೆಯಾ ಅಂತ. ಕೆಲವೊಮ್ಮೆ "ಆರೋಪಿಯ ಕೈಯಲ್ಲಿ ದೊಣ್ಣೆ ಇತ್ತಾ?" ಅನ್ನುವುದೂ ಸೂಚಕವೇ ಆಗುತ್ತದೆ. ಅಲ್ಲಿಯ ತನಕ ದೊಣ್ಣೆಯ ಮಾತೇ ಬಂದಿಲ್ಲದಿದ್ದರೆ ಸಾಕ್ಷಿಗೆ ಸುಳಿವು ಸಿಕ್ಕಿಬಿಡುತ್ತದಲ್ಲ.

ದಾರಿಹೋಕ

ಪಾಟೀ ಸವಾಲು ಅಂದರೆ ಸುಳ್ಳು ಹಿಡಿಯುವುದು ತಾನೇ? ಸಾಕ್ಷಿ ಬೆವರುತ್ತಿದ್ದಾನಾ, ಕಣ್ಣು ತಪ್ಪಿಸುತ್ತಿದ್ದಾನಾ ಅಂತ ನೋಡಿ ಗದರಿಸಿ ಕೇಳಿ. ಎಲ್ಲ ಹೊರಗೆ ಬರುತ್ತದೆ. ಟಿವಿಯಲ್ಲಿ ನೋಡಿದ್ದೇನೆ.

ಬೆರಳಚ್ಚು ಮಂಜ

ನಾನು ಕೋರ್ಟಿನಲ್ಲಿ ಸಾಕ್ಷಿ ಹೇಳಿಕೆ ಟೈಪ್ ಮಾಡುವವನು, ಹಲವು ವರ್ಷಗಳಿಂದ. ದಾರಿಹೋಕರೇ, ಗದರಿಸಿದ್ದು ಹಾಳೆಯ ಮೇಲೆ ಬರುವುದಿಲ್ಲ. ಬರುವುದು ಹೀಗೆ: "ಆ ಹೊತ್ತಿಗೆ ನಾನು ಮದುವೆಯಲ್ಲಿ ಇದ್ದೆ ಎಂದರೆ ಸರಿಯಲ್ಲ. ನಾನು ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ." ಎರಡು ಪುಟ ಪೂರ್ತಿ "ಸರಿಯಲ್ಲ, ಸರಿಯಲ್ಲ" ಅಂತ ಟೈಪ್ ಮಾಡಿದ ದಿನಗಳಿವೆ. ಮೇಲಿನ ಕೋರ್ಟಿನವರು ಓದುವುದು ಆ ಹಾಳೆಯನ್ನೇ. ವಕೀಲರು ಸೂಚಿಸಿದರು, ಸಾಕ್ಷಿ ನಿರಾಕರಿಸಿದ. ಆರೋಪಿಗೆ ಅದರಿಂದ ಏನು ಸಿಕ್ಕಿತು? ಏನೂ ಇಲ್ಲ. ಈ ಹುಡುಗ ಕೇಳಿರುವ ಪ್ರಶ್ನೆ ತುಂಬಾ ಸರಿಯಾದದ್ದು.

ಒಮ್ಮೆ ಸಾಕ್ಷಿಯಾದವಳು

ಹೆಂಡತಿ ಬಿಟ್ಟು ಹೋದ ಪ್ರಶ್ನೆ ಓದಿ ಮನಸ್ಸಿಗೆ ಚುರುಕ್ ಅಂತು. ಒಂದು ಚೆಕ್ ಬೌನ್ಸ್ ಕೇಸಿನಲ್ಲಿ ನಾನು ಸಾಕ್ಷಿಯಾಗಿದ್ದೆ. ಹಣ ಕೊಟ್ಟಾಗ ನಾನು ಅಲ್ಲಿದ್ದೆ ಅಂತ ಹೇಳಬೇಕಿತ್ತು, ಅಷ್ಟೇ. ಎದುರಿನ ವಕೀಲರು ನನ್ನ ವಿಚ್ಛೇದನದ ಬಗ್ಗೆ ನಾಲ್ಕು ಪ್ರಶ್ನೆ ಕೇಳಿದರು. ಯಾರ ಜೊತೆ ಇದ್ದೀರಿ, ರಾತ್ರಿ ಎಷ್ಟು ಹೊತ್ತಿಗೆ ಮನೆಗೆ ಬರುತ್ತೀರಿ ಅಂತೆಲ್ಲ. ನಮ್ಮ ಕಡೆಯ ವಕೀಲರು ಸುಮ್ನೆ ಕೂತಿದ್ದರು. "ಹೌದು, ಇಲ್ಲ ಅಂತ ಮಾತ್ರ ಹೇಳಿ" ಅಂತ ಬೇರೆ ಗದರಿದರು. ಉತ್ತರ ಕೊಡಲೇಬೇಕು ಅಂದುಕೊಂಡು ಅಳುತ್ತಾ ಕೊಟ್ಟೆ. ನಿಜವಾಗಿ ಕೊಡಬೇಕಿತ್ತಾ?

ಕಿರಿಯ ವಕೀಲೆ

ಅಕ್ಕಾ, ಕೊಡಬೇಕಾಗಿರಲಿಲ್ಲ. ನಿಮ್ಮ ವಕೀಲರು ಎದ್ದು ಆಕ್ಷೇಪಿಸಬೇಕಿತ್ತು. ಅವರು ಏಳದಿದ್ದರೆ ನೀವೇ ನ್ಯಾಯಾಧೀಶರ ಕಡೆ ತಿರುಗಿ "ಸ್ವಾಮಿ, ಇದಕ್ಕೂ ಕೇಸಿಗೂ ಏನು ಸಂಬಂಧ? ನಾನು ಉತ್ತರ ಕೊಡಲೇಬೇಕಾ?" ಅಂತ ಕೇಳಬಹುದಿತ್ತು. ಯಾರೂ ಕೇಳದಿದ್ದರೂ ತಡೆಯುವ ಅಧಿಕಾರ ನ್ಯಾಯಾಧೀಶರಿಗೆ ಇದೆ.

ಇಲ್ಲಿ ಎರಡು ಬೇಲಿ ಇವೆ. ಮೊದಲನೆಯದು ಅಸಭ್ಯ, ಮಾನ ಕಳೆಯುವ ಪ್ರಶ್ನೆ. ಅದು ಕೇಸಿನ ಮುಖ್ಯ ವಿಷಯಕ್ಕೇ ತಗಲುವಂಥದ್ದಾದರೆ ಕೋರ್ಟು ತಡೆಯಲು ಬರುವುದಿಲ್ಲ. ಹಣ ಕೊಟ್ಟದ್ದಕ್ಕೂ ನಿಮ್ಮ ವಿಚ್ಛೇದನಕ್ಕೂ ಯಾವ ನಂಟೂ ಇಲ್ಲ, ಹಾಗಾಗಿ ತಡೆಯಬಹುದಿತ್ತು. ಎರಡನೆಯ ಬೇಲಿ ಇನ್ನೂ ಗಟ್ಟಿ. ಅವಮಾನ ಮಾಡಲು ಅಥವಾ ಕಿರುಕುಳ ಕೊಡಲೆಂದೇ ಕೇಳಿದ್ದು ಅಂತ ಕಂಡರೆ ಕೋರ್ಟು ತಡೆಯಲೇಬೇಕು. ಪ್ರಶ್ನೆ ಸರಿಯಾಗಿದ್ದರೂ ಕೇಳಿದ ರೀತಿ ವಿನಾಕಾರಣ ಕೆಟ್ಟದಾಗಿದ್ದರೆ ಅದನ್ನೂ ತಡೆಯಲೇಬೇಕು.

"ಹೌದು, ಇಲ್ಲ" ಅನ್ನುವುದಕ್ಕೂ ಹೇಳುತ್ತೇನೆ. ಅಷ್ಟರಲ್ಲೇ ಉತ್ತರಿಸಬೇಕು ಅಂತ ಕಾಯ್ದೆಯಲ್ಲಿ ಎಲ್ಲೂ ಬರೆದಿಲ್ಲ. "ಹೌದು, ಆದರೆ ಕಾರಣ ಇದು" ಅಂತ ಹೇಳಬಹುದು. ಅದನ್ನು ಬರೆದುಕೊಳ್ಳದಿದ್ದರೆ ಪಾಟೀ ಸವಾಲು ಮುಗಿದ ಮೇಲಿನ ಮರು ವಿಚಾರಣೆಯಲ್ಲಿ ನಿಮ್ಮ ವಕೀಲರು ಅದನ್ನೇ ಕೇಳಿ ಬಿಡಿಸಬೇಕು.

ಒಮ್ಮೆ ಸಾಕ್ಷಿಯಾದವಳು

ಇದನ್ನು ಸಮನ್ಸ್ ಜೊತೆಗೆ ಒಂದು ಚೀಟಿಯಲ್ಲಿ ಬರೆದು ಕಳಿಸಿದ್ದರೂ ಸಾಕಿತ್ತು. ಥ್ಯಾಂಕ್ಸ್ ತಂಗಿ.

ಎರಡನೇ ವರ್ಷದ ಎಲ್‌ಎಲ್‌ಬಿ

ಮೇಡಂ, ಕ್ಷಮಿಸಿ. ಆ ಪ್ರಶ್ನೆ ತೆಗೆದುಬಿಟ್ಟೆ. ಸಾಕ್ಷಿ ತಡವರಿಸಲಿ ಅಂತ ಬರೆದಿದ್ದೆ. ಅದೇ ತಪ್ಪು ಅಂತ ಈಗ ಅರ್ಥ ಆಯಿತು.

ಹಳೇ ಕಪ್ಪು ಕೋಟು

ಬಂದೆ. ಈಗ ನಿನ್ನ "ಇಲ್ಲ"ಗಳಿಗೆ ಬರೋಣ. ಹೆಂಡತಿಯ ಪ್ರಶ್ನೆ ಹೋಯಿತು. ಪೊಲೀಸ್ ಹೇಳಿಕೆಯದ್ದು ಬೇರೆಯೇ ದಾರಿ, ಅದನ್ನು ಕೊನೆಗೆ ಹೇಳುತ್ತೇನೆ. ಉಳಿದದ್ದು ನಾಲ್ಕು.

ಕಾಯ್ದೆಯ ಲೆಕ್ಕ ಸರಳ. ಸಾಕ್ಷಿಯ ಗುಣ ಕೆಡಿಸಿ ನಂಬಿಕೆ ತಗ್ಗಿಸಲು ಮಾತ್ರ ಒಂದು ಪ್ರಶ್ನೆ ಕೇಳಿದೆ, ಅವನು ಉತ್ತರ ಕೊಟ್ಟ ಅಂತ ಇಟ್ಟುಕೋ. ಆ ಉತ್ತರವನ್ನು ಸುಳ್ಳು ಅಂತ ತೋರಿಸಲು ಬೇರೆ ಸಾಕ್ಷ್ಯ ತರುವಂತಿಲ್ಲ. ನುಂಗಿಕೊಂಡು ಮುಂದೆ ಹೋಗಬೇಕು. ಹಳೇ ಕಾಯ್ದೆಯಲ್ಲಿ ಇದು ಕಲಂ 153, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 156.

ಸೊಸೈಟಿ ಕೆಲಸದಿಂದ ತೆಗೆದದ್ದು ನೇರವಾಗಿ ಇಲ್ಲಿಗೆ ಬೀಳುತ್ತದೆ. ಅಪ್ರಾಮಾಣಿಕತೆಗೆ ಕೆಲಸದಿಂದ ತೆಗೆದ ಉದಾಹರಣೆ ಕಾಯ್ದೆಯ ಪುಸ್ತಕದಲ್ಲೇ ಇದೆ. ನಿಮ್ಮ ಮೇಷ್ಟ್ರು ಅಲ್ಲಿಂದಲೇ ತೆಗೆದು ಕೊಟ್ಟಂತಿದೆ. ಅವನು ಇಲ್ಲ ಅಂದ ಮೇಲೆ ಸೊಸೈಟಿ ಕಾರ್ಯದರ್ಶಿಯನ್ನು ಕರೆಸಲು ಆಗುವುದಿಲ್ಲ. ಅವನು ಸುಳ್ಳು ಹೇಳಿದ್ದರೆ ಆಮೇಲೆ ಸುಳ್ಳು ಸಾಕ್ಷ್ಯದ ಕೇಸು ಆಗಬಹುದು. ಆದರೆ ಅದು ಬೇರೆ ಕೇಸು, ಈ ಕೇಸಿನಲ್ಲಿ ನಿನ್ನ ಕಕ್ಷಿದಾರನಿಗೆ ನೆರವಾಗುವುದಿಲ್ಲ.

ಯಾಕೆ ಹೀಗೆ ಅಂತ ಯೋಚಿಸು. ಕಾರ್ಯದರ್ಶಿ ಬಂದರೆ ಅವನಿಗೂ ಪಾಟೀ ಸವಾಲು. ಅವನಿಗೂ ಸಾಕ್ಷಿಗೂ ಜಗಳ ಇತ್ತು ಅಂತ ಇನ್ನೊಬ್ಬ ಬರುತ್ತಾನೆ. ಕೈ ಮುರಿದ ಕೇಸು ಬಿಟ್ಟು ಸೊಸೈಟಿಯ ಲೆಕ್ಕ ನೋಡುತ್ತಾ ಕೂರಬೇಕಾಗುತ್ತದೆ.

ವಂಚನೆ ಶಿಕ್ಷೆ ಮತ್ತು ದಾರಿ ದಾವೆ ಈ ನಿಯಮಕ್ಕೆ ಇರುವ ಎರಡು ವಿನಾಯಿತಿ. ಶಿಕ್ಷೆ ಆಗಿಲ್ಲ ಅಂದರೆ ತೀರ್ಪಿನ ದೃಢೀಕೃತ ನಕಲು ತಂದು ಹಾಕಬಹುದು. ಒಂದೇ ಕಾಗದ, ಮುಗಿಯಿತು. ದಾರಿ ದಾವೆ ಪಕ್ಷಪಾತಕ್ಕೆ ಸಂಬಂಧಿಸಿದ್ದು. ಆರೋಪಿಯ ಮನೆಯ ಮೇಲೆ ಇವನಿಗೆ ದ್ವೇಷ ಇದೆಯಾ ಅನ್ನುವುದು. ಅದನ್ನು ನಿರಾಕರಿಸಿದರೆ ದಾವೆಯ ಪ್ರತಿ ತಂದು ತೋರಿಸಬಹುದು.

ಮದುವೆ ಪ್ರಶ್ನೆ ಈ ನಿಯಮದ ಒಳಗೇ ಬರುವುದಿಲ್ಲ. 1872ರ ಕಾಯ್ದೆಯ ಉದಾಹರಣೆ ಓದು. ಲಾಹೋರಿನಲ್ಲಿ ಒಬ್ಬನನ್ನು ನೋಡಿದೆ ಅಂತ ಸಾಕ್ಷಿ ಹೇಳುತ್ತಾನೆ. ಆ ದಿನ ನೀನು ಕಲ್ಕತ್ತಾದಲ್ಲಿ ಇದ್ದೆ ಅಲ್ಲವೇ ಅಂದರೆ ಇಲ್ಲ ಅನ್ನುತ್ತಾನೆ. ಅವನು ಕಲ್ಕತ್ತಾದಲ್ಲಿ ಇದ್ದ ಅಂತ ಸಾಕ್ಷ್ಯ ತರಬಹುದು. ಅದು ಅವನ ಗುಣದ ಮಾತಲ್ಲ, ಅವನು ನೋಡಲು ಸಾಧ್ಯವಿತ್ತಾ ಅನ್ನುವ ಮಾತು. ನೀನೂ ಮದುವೆಯ ವಿಡಿಯೊ ತೆಗೆದವನನ್ನು ನಿನ್ನ ಕಡೆ ಸಾಕ್ಷಿಯಾಗಿ ಕರೆಸಬಹುದು. ಆದರೆ ಪಾಟೀ ಸವಾಲಿನಲ್ಲಿ ಮೊದಲು ಈ ಸಾಕ್ಷಿಗೆ ಅದನ್ನು ಕೇಳಿರಬೇಕು. ಕೇಳದೆ ಆಮೇಲೆ ವಿಡಿಯೊ ತಂದರೆ, "ಅವನಿಗೆ ಉತ್ತರ ಕೊಡುವ ಅವಕಾಶವನ್ನೇ ಕೊಡಲಿಲ್ಲ" ಅಂತ ಎದುರಿನವರು ಹಿಡಿದುಕೊಳ್ಳುತ್ತಾರೆ.

ಸೆಕ್ಷನ್ ಶೂರ

ಒಪ್ಪಿದೆ ಸರ್, 156 ನನಗೆ ಮರೆತಿತ್ತು. ಆದರೆ 158 ಇದೆಯಲ್ಲ? ಸಾಕ್ಷಿ ನಂಬಿಕೆಗೆ ಅರ್ಹನಲ್ಲ ಅಂತ ಬೇರೆಯವರಿಂದ ಹೇಳಿಸಬಹುದು ಅಂತ ಅಲ್ಲಿ ಸ್ಪಷ್ಟವಾಗಿದೆ. ಹಾಗಾದರೆ ಕಾರ್ಯದರ್ಶಿಯನ್ನು ಆ ದಾರಿಯಲ್ಲಿ ಕರೆಸಬಹುದು ತಾನೇ?

ಹಳೇ ಕಪ್ಪು ಕೋಟು

ಒಳ್ಳೇ ಪ್ರಶ್ನೆ. ಕರೆಸಬಹುದು. "ನನಗೆ ಇವನು ಗೊತ್ತು, ಇವನ ಮಾತು ನಂಬಲು ಯೋಗ್ಯವಲ್ಲ ಅಂತ ನನ್ನ ನಂಬಿಕೆ" ಅಂತ ಅವನು ಹೇಳಬಹುದು. ಆದರೆ ಮುಖ್ಯ ವಿಚಾರಣೆಯಲ್ಲಿ ಅದಕ್ಕೆ ಕಾರಣ ಹೇಳುವಂತಿಲ್ಲ. "2019ರಲ್ಲಿ ಹಣ ನುಂಗಿದ" ಅಂತ ಅವನು ಶುರು ಮಾಡಿದರೆ ನಿಲ್ಲಿಸುತ್ತಾರೆ. ಎದುರಿನವರೇ ಪಾಟೀ ಸವಾಲಿನಲ್ಲಿ "ಯಾಕೆ ನಂಬುವುದಿಲ್ಲ?" ಅಂತ ಕೇಳಿ ಬಾಗಿಲು ತೆರೆದರೆ ಮಾತ್ರ ಕಾರಣ ಬರುತ್ತದೆ. ಇಷ್ಟು ವರ್ಷಗಳಲ್ಲಿ ಈ ದಾರಿ ಹಿಡಿದವರನ್ನು ನಾನು ಕಂಡದ್ದು ಬಹಳ ಕಡಿಮೆ.

ಅದೇ ಕಲಮಿನಲ್ಲಿ ಲಂಚದ ಮಾತೂ ಇದೆ. ಸಾಕ್ಷಿ ಹೇಳಲು ಹಣ ಪಡೆದ ಅಥವಾ ಪಡೆಯಲು ಒಪ್ಪಿದ ಅಂತ ಬೇರೆ ಸಾಕ್ಷ್ಯದಿಂದ ತೋರಿಸಬಹುದು. ನಿನ್ನ ಕಡತದಲ್ಲಿ ಅದು ಇಲ್ಲ, ಬಿಡು.

ಕಿರಿಯ ವಕೀಲೆ

ಸರ್, ಒಂದು ವಿಷಯದಲ್ಲಿ ನಾನು ಬೇರೆ ರೀತಿ ಯೋಚಿಸುತ್ತೇನೆ. ಸೊಸೈಟಿ ಪ್ರಶ್ನೆಗೆ ಉತ್ತರ ಅಂತಿಮ ಅಂತ ಗೊತ್ತಿದ್ದರೂ ಕೇಳುವುದು ಒಳ್ಳೆಯದಲ್ವಾ? ಅವನು ಒಪ್ಪಿಕೊಂಡರೆ ಲಾಭ. ತಡವರಿಸಿದರೆ ನ್ಯಾಯಾಧೀಶರು ಅದನ್ನು ಗಮನಿಸುತ್ತಾರೆ, ನಡವಳಿಕೆಯ ಬಗ್ಗೆ ಟಿಪ್ಪಣಿ ಬರೆಯಬಹುದು. ಉತ್ತರ ಕೊಡಲು ನಿರಾಕರಿಸಿದರೂ, ಅದರಿಂದ ಅವನಿಗೆ ವಿರುದ್ಧವಾಗಿ ಊಹಿಸಬಹುದು ಅಂತ 151ರಲ್ಲಿ ಇದೆ.

ಹಳೇ ಕಪ್ಪು ಕೋಟು

ನಾನಾದರೆ ಕೇಳುವುದಿಲ್ಲ. ನಿಮ್ಮ ಬಳಿ ಪೊಲೀಸ್ ಹೇಳಿಕೆ ಅನ್ನುವ ಒಳ್ಳೇ ಕತ್ತಿ ಇದೆ. ಅದಕ್ಕೆ ಮೊದಲು ಮೊಂಡು ಚಾಕು ಬೀಸಿದರೆ ಸಾಕ್ಷಿಗೆ "ಇಲ್ಲ" ಅನ್ನುವ ಅಭ್ಯಾಸ ಆಗುತ್ತದೆ, ಧೈರ್ಯ ಬರುತ್ತದೆ. ನ್ಯಾಯಾಧೀಶರ ಕನಿಕರ ಅವನ ಕಡೆ ಹೋಗುತ್ತದೆ.

ಕಿರಿಯ ವಕೀಲೆ

ಎಲ್ಲ ಸಾಕ್ಷಿಗಳೂ ಹಾಗಲ್ಲ ಸರ್. ನಾನು ನೋಡಿದ ಒಂದು ಕೇಸಿನಲ್ಲಿ ಸಾಕ್ಷಿ "ತೆಗೆಯಲಿಲ್ಲ, ನಾನೇ ಬಿಟ್ಟೆ" ಅಂದು, ಮುಂದಿನ ಪ್ರಶ್ನೆಗೆ "ಹಣ ಕಟ್ಟಿಸಿಕೊಂಡು ಬಿಟ್ಟರು" ಅಂದುಬಿಟ್ಟ. ಅವನ ಬಾಯಿಂದಲೇ ಬಂತು, ಬೇರೆ ಸಾಕ್ಷ್ಯ ಬೇಕಾಗಲೇ ಇಲ್ಲ. ಈ ವಿಷಯದಲ್ಲಿ ನಾನು ಒಪ್ಪುವುದಿಲ್ಲ.

ಪರೀಕ್ಷೆ ಹತ್ತಿರ ಬಂತು

ಸುಮ್ನೆ ಊಹೆ ಮೇಲೆ "ಹಣ ನುಂಗಿದ್ದೀರಿ" ಅಂತ ಕೇಳಬಹುದಾ? ಸಾಕ್ಷಿಗೆ ಎಷ್ಟು ಅವಮಾನ!

ಕಿರಿಯ ವಕೀಲೆ

ಬರುವುದಿಲ್ಲ. ಆರೋಪ ನಿಜ ಅಂತ ನಂಬಲು ಸಾಕಷ್ಟು ಆಧಾರ ಇರಬೇಕು. ಕಾಯ್ದೆ ಕೊಡುವ ಉದಾಹರಣೆಯಲ್ಲಿ ಕೋರ್ಟಿನಲ್ಲಿದ್ದ ಒಬ್ಬ ವ್ಯಕ್ತಿ ಬಂದು ಸಾಕ್ಷಿ ದರೋಡೆಕೋರ ಅಂತ ವಕೀಲರಿಗೆ ಹೇಳುತ್ತಾನೆ. ವಕೀಲರು ಅವನನ್ನು ಪ್ರಶ್ನಿಸುತ್ತಾರೆ, ಅವನು ತೃಪ್ತಿಕರ ಕಾರಣ ಕೊಡುತ್ತಾನೆ. ಆಗ ಕೇಳಬಹುದು. ಯಾರ ಬಗ್ಗೆ ನಮಗೆ ಏನೂ ಗೊತ್ತಿಲ್ಲವೋ ಅಂಥ ಸಾಕ್ಷಿಗೆ ಗುರಿಯಿಲ್ಲದೆ ಹಾಗೆ ಕೇಳಿದರೆ ಆಧಾರ ಇಲ್ಲ. ಅಂಥ ವಕೀಲರ ಬಗ್ಗೆ ಕೋರ್ಟು ಹೈಕೋರ್ಟಿಗೇ ವರದಿ ಕಳಿಸಬಹುದು. ಶನಿವಾರ "ನಿಮ್ಮ ಆಧಾರ ಏನು?" ಅಂತ ಕೇಳಿದರೆ ಹೇಳಲು ಸಿದ್ಧವಿರಲಿ.

ಎರಡನೇ ವರ್ಷದ ಎಲ್‌ಎಲ್‌ಬಿ

ಕಡತದಲ್ಲಿ ಸೊಸೈಟಿಯ ಬಗ್ಗೆ "ಊರಲ್ಲಿ ಹೀಗೆ ಮಾತಿದೆ" ಅಂತ ಆರೋಪಿ ಹೇಳಿದ್ದು ಮಾತ್ರ ಇದೆ. ಅದು ಸಾಕಾಗುವುದಿಲ್ಲ ಅನ್ನಿಸುತ್ತಿದೆ. ಆ ಪ್ರಶ್ನೆಯನ್ನೂ ತೆಗೆಯುತ್ತೇನೆ. 2006ರ ಶಿಕ್ಷೆಯ ತೀರ್ಪಿನ ನಕಲು ಇದೆ, ಅದು ಇರಲಿ ತಾನೇ?

ಸೆಕ್ಷನ್ ಶೂರ

18 ವರ್ಷ ಹಳೆಯದು! ಅಷ್ಟು ಹಿಂದಿನ ವಿಷಯ ಕೇಳಿದರೆ ಕೋರ್ಟು ತಡೆಯಬಹುದು. ಬಹಳ ಹಿಂದಿನದಾಗಿ, ಈಗಿನ ನಂಬಿಕೆಗೆ ಅದರ ಪರಿಣಾಮ ಇಲ್ಲ ಅಥವಾ ತೀರಾ ಅಲ್ಪ ಅನ್ನಿಸಿದರೆ ಆ ಪ್ರಶ್ನೆ ಸರಿಯಲ್ಲ ಅಂತ 151 ಹೇಳುತ್ತದೆ. ಈ ಸಲ ನಾನು ಸರಿ ಅಲ್ವಾ ಸರ್?

ಹಳೇ ಕಪ್ಪು ಕೋಟು

ಸರಿ ಇದ್ದೀರಿ. ಆದರೆ ಎಷ್ಟು ವರ್ಷ ಅಂತ ಕಾಯ್ದೆ ಗೆರೆ ಎಳೆದಿಲ್ಲ. ಹೊಡೆದಾಟದ ಶಿಕ್ಷೆ ಆಗಿದ್ದರೆ ಬಿಡು ಅನ್ನುತ್ತಿದ್ದೆ. ವಂಚನೆ ಅಂದರೆ ಸತ್ಯ ಹೇಳುವ ಗುಣಕ್ಕೇ ತಗಲುತ್ತದೆ. ಒಬ್ಬ ನ್ಯಾಯಾಧೀಶರು ಕೇಳಲು ಬಿಡುತ್ತಾರೆ, ಇನ್ನೊಬ್ಬರು ಬಿಡುವುದಿಲ್ಲ. ಎರಡಕ್ಕೂ ವಾದ ಇಟ್ಟುಕೊಂಡು ಹೋಗು ತಮ್ಮ.

ಬೆರಳಚ್ಚು ಮಂಜ

ಕೋಟು ಸರ್, ಪೊಲೀಸ್ ಹೇಳಿಕೆ ವಿಷಯ ಕೊನೆಗೆ ಅಂದಿದ್ದಿರಿ. ಎಲ್ಲರೂ ಕಾಯುತ್ತಿದ್ದಾರೆ. ನಾನು ಟೈಪ್ ಮಾಡಿದ ಕಡತಗಳಲ್ಲಿ ವಕೀಲರು ಜಾಸ್ತಿ ಎಡವುವುದು ಅಲ್ಲೇ.

ಹಳೇ ಕಪ್ಪು ಕೋಟು

ಹೌದು ಮಂಜಣ್ಣ, ನಾನೂ ಅಲ್ಲೇ ಎಡವಿದವನು. ಹೊಸದಾಗಿ ಪ್ರಾಕ್ಟೀಸ್ ಶುರು ಮಾಡಿದ್ದಾಗ ಒಂದು ಹೊಡೆದಾಟದ ಕೇಸಿನಲ್ಲಿ ಸಾಕ್ಷಿಯನ್ನು ಹೇಳಿಕೆ ಇಟ್ಟುಕೊಂಡು ಚೆನ್ನಾಗಿ ಕಟ್ಟಿಹಾಕಿದೆ. ತನಿಖಾಧಿಕಾರಿ ಬಂದ ದಿನ ಅವರನ್ನು ಮಹಜರಿನ ಬಗ್ಗೆ ಮಾತ್ರ ಕೇಳಿ ಕೂತೆ. ವಾದ ಮಾಡುವಾಗ ನ್ಯಾಯಾಧೀಶರು "ಆ ಹೇಳಿಕೆಯನ್ನು ಸಾಬೀತು ಮಾಡಿದ್ದೀರಾ?" ಅಂದರು. ಮಾಡಿರಲಿಲ್ಲ. ಎಲ್ಲ ನೀರಿನಲ್ಲಿ ಹೋಮ ಮಾಡಿದ ಹಾಗಾಯಿತು. ಆ ಮನುಷ್ಯನಿಗೆ ಶಿಕ್ಷೆ ಆಯಿತು. ಅಪೀಲಿನಲ್ಲಿ ಬಿಡುಗಡೆ ಆಯಿತು, ಬೇರೆ ಕಾರಣಕ್ಕೆ. ನನಗೆ ಇವತ್ತಿಗೂ ಅದು ಮರೆತಿಲ್ಲ.

ಪೊಲೀಸರ ಮುಂದೆ ಕೊಟ್ಟ ಹೇಳಿಕೆ ತಾನಾಗಿ ಸಾಕ್ಷ್ಯ ಅಲ್ಲ. ಅಭಿಯೋಜನೆಯ ಸಾಕ್ಷಿ ಈಗ ಹೇಳಿದ್ದಕ್ಕೆ ಅದು ವಿರುದ್ಧ ಅಂತ ತೋರಿಸಲು ಮಾತ್ರ ನೀನು ಬಳಸಬಹುದು. ತಹಸೀಲ್ದಾರ್ ಸಿಂಗ್ ಪ್ರಕರಣ 1959ರದ್ದು, ತಪ್ಪದೆ ಓದು. ಅದನ್ನು ಬಳಸಲು ಒಂದು ಕ್ರಮ ಇದೆ. ವಿ.ಕೆ. ಮಿಶ್ರಾ ಪ್ರಕರಣದಲ್ಲಿ 2015ರಲ್ಲಿ ಸುಪ್ರೀಂ ಕೋರ್ಟು ಅದನ್ನು ಮತ್ತೆ ಬಿಡಿಸಿ ಹೇಳಿದೆ. ನಿನ್ನ ಕೇಸಿನಲ್ಲಿ ಅದು ಹೀಗೆ ನಡೆಯಬೇಕು.

ವಕೀಲರು: ಹೊಡೆದದ್ದನ್ನು ಕಣ್ಣಾರೆ ಕಂಡೆ ಅಂತ ಈಗ ಹೇಳಿದಿರಿ?
ಸಾಕ್ಷಿ: ಹೌದು.
ವಕೀಲರು: ಪೊಲೀಸರು ನಿಮ್ಮ ಹೇಳಿಕೆ ಪಡೆದದ್ದು ಘಟನೆಯ ಮಾರನೇ ದಿನ?
ಸಾಕ್ಷಿ: ಹೌದು.
ವಕೀಲರು: ಆಗ ನಿಮಗೆ ಎಲ್ಲ ಚೆನ್ನಾಗಿ ನೆನಪಿತ್ತು?
ಸಾಕ್ಷಿ: ಇತ್ತು.
ವಕೀಲರು: "ಅಷ್ಟರಲ್ಲಿ ಫಿರ್ಯಾದಿ ಕೆಳಗೆ ಬಿದ್ದಿದ್ದ" ಅಂತ ಪೊಲೀಸರಿಗೆ ಹೇಳಿದ್ದಿರಾ?
ಸಾಕ್ಷಿ: ಹಾಗೆ ಹೇಳಿಲ್ಲ.
ವಕೀಲರು: ಸ್ವಾಮಿ, ಹೇಳಿಕೆಯ ಆ ಸಾಲನ್ನು ಸಾಕ್ಷಿಗೆ ಓದಿ ಹೇಳಬೇಕು.
(ಓದಲಾಯಿತು.)
ಸಾಕ್ಷಿ: ನಾನು ಹಾಗೆ ಹೇಳಿಲ್ಲ. ಅವರೇ ಬರೆದುಕೊಂಡಿರಬಹುದು.

ಇಲ್ಲಿಗೆ ನಿಲ್ಲು. "ಹಾಗಾದರೆ ಸುಳ್ಳು ಯಾವುದು?" ಅಂತ ಇನ್ನೊಂದು ಪ್ರಶ್ನೆ ಹಾಕಿದರೆ ವಿವರಣೆ ಕೊಡಲು ಅವನಿಗೆ ನೀನೇ ಅವಕಾಶ ಮಾಡಿಕೊಟ್ಟಂತೆ. ಓದಿದ ಸಾಲನ್ನು ಮಾತ್ರ ಗುರುತಿಸಿಡಬೇಕು. ಇಡೀ ಹೇಳಿಕೆಯನ್ನು ನಿಶಾನೆ ಮಾಡಿಸಬೇಡ, ಅದರಲ್ಲಿ ನಿನಗೆ ವಿರುದ್ಧವಾದದ್ದೂ ಇದೆ. "ದೊಣ್ಣೆ ಹಿಡಿದು ನಿಂತಿದ್ದ" ಅಂತ ಇದೆಯಲ್ಲ. ಮರು ವಿಚಾರಣೆಯಲ್ಲಿ ಸರ್ಕಾರಿ ವಕೀಲರು ಅದನ್ನು ಹಿಡಿಯಬಹುದು, ಸಿದ್ಧವಾಗಿರು.

ಆಮೇಲೆ ತನಿಖಾಧಿಕಾರಿ ಬಂದಾಗ ಒಂದೇ ಪ್ರಶ್ನೆ. "2ನೇ ಸಾಕ್ಷಿ ನಿಮ್ಮ ಮುಂದೆ ಹೀಗೆ ಹೇಳಿದ್ದರಾ?" ಅವರು ಹೌದು ಅಂದರೆ ಆ ಸಾಲು ಸಾಬೀತಾಗಿ, ಆರೋಪಿ ಪರದ ಮೊದಲ ದಾಖಲೆಯಾಗಿ ನಿ.ಡಿ.1 ಅಂತ ನಿಶಾನೆ ಆಗುತ್ತದೆ. ಇದನ್ನೇ ನಾನು ಮರೆತದ್ದು.

ಎರಡನೇ ವರ್ಷದ ಎಲ್‌ಎಲ್‌ಬಿ

ಸರ್, ಒಂದು ಸಂದೇಹ. ಸಾಬೀತಾದರೆ, ಸಾಕ್ಷಿ ಬರುವ ಹೊತ್ತಿಗೆ ಫಿರ್ಯಾದಿ ಬಿದ್ದಿದ್ದ ಅನ್ನುವುದೇ ನಿಜ ಅಂತ ಕೋರ್ಟು ತೆಗೆದುಕೊಳ್ಳುತ್ತದಾ?

ಕಿರಿಯ ವಕೀಲೆ

ಇಲ್ಲ. ಹೇಳಿಕೆಯಲ್ಲಿ ಇದ್ದದ್ದು ನಿಜ ಅಂತ ಆಗುವುದಿಲ್ಲ. ಕೋರ್ಟಿನಲ್ಲಿ "ಕಣ್ಣಾರೆ ಕಂಡೆ" ಅಂದದ್ದರ ಮೇಲಿನ ನಂಬಿಕೆ ಇಳಿಯುತ್ತದೆ, ಅಷ್ಟೇ. ನಿನ್ನ ಕೇಸಿನಲ್ಲಿ ಅಷ್ಟೇ ಸಾಕು. ಇರುವವನು ಒಬ್ಬನೇ ಪ್ರತ್ಯಕ್ಷದರ್ಶಿ.

ಪರೀಕ್ಷೆ ಹತ್ತಿರ ಬಂತು

ಹೇಳಿಕೆಯಲ್ಲಿ "ಬಿದ್ದಿದ್ದ" ಅಂತ ಇಲ್ಲದೆ, ಏಟಿನ ಮಾತೇ ಬಿಟ್ಟುಹೋಗಿದ್ದರೆ? ಬಿಟ್ಟದ್ದೂ ವಿರೋಧ ಆಗುತ್ತದಾ?

ಹಳೇ ಕಪ್ಪು ಕೋಟು

ಆಗಬಹುದು. ಬಿಟ್ಟದ್ದು ಮುಖ್ಯವಾದದ್ದಾಗಿ, ಆ ಸಂದರ್ಭದಲ್ಲಿ ಯಾರಾದರೂ ಹೇಳದೆ ಬಿಡುತ್ತಿರಲಿಲ್ಲ ಅನ್ನುವಂತಿದ್ದರೆ ಆಗುತ್ತದೆ. ಅಂಗಿಯ ಬಣ್ಣ ಬಿಟ್ಟರೆ ಏನೂ ಇಲ್ಲ. ಏಟನ್ನೇ ಬಿಟ್ಟರೆ ದೊಡ್ಡದು. ನಡುವೆ ಇರುವುದರ ಬಗ್ಗೆ ಪ್ರತಿ ಕೇಸಿನಲ್ಲೂ ಜಗಳ ಇದ್ದದ್ದೇ.

ದಾರಿಹೋಕ

ಸಾಕ್ಷಿ ಮೊದಲೇ ಆರೋಪಿಯ ಕಡೆ ತಿರುಗಿಬಿಟ್ಟಿದ್ದರೆ? ಆಗಲೂ ಹೀಗೇ ಕೇಳಬೇಕಾ?

ಕಿರಿಯ ವಕೀಲೆ

ಆಗ ಸರ್ಕಾರಿ ವಕೀಲರೇ ಕೋರ್ಟಿನ ಅನುಮತಿ ಪಡೆದು ತಮ್ಮ ಸಾಕ್ಷಿಗೆ ಪಾಟೀ ಸವಾಲು ಹಾಕಬಹುದು, ಸೂಚಕ ಪ್ರಶ್ನೆಗಳನ್ನೂ ಕೇಳಬಹುದು. ಪ್ರತಿಕೂಲ ಸಾಕ್ಷಿ ಅಂತ ಆದ ಮಾತ್ರಕ್ಕೆ ಅವನು ಹೇಳಿದ್ದೆಲ್ಲ ಅಳಿಸಿಹೋಗುವುದಿಲ್ಲ. ನಂಬಬಹುದಾದಷ್ಟನ್ನು ಕೋರ್ಟು ಇಟ್ಟುಕೊಳ್ಳಬಹುದು ಅಂತ 1976ರ ಸತ್‌ಪಾಲ್ ಪ್ರಕರಣದಲ್ಲಿದೆ.

ನನಗೆ ಸ್ಪಷ್ಟ ಇಲ್ಲದ್ದು ಬೇರೆ. ಅಂಥ ಸಾಕ್ಷಿಯನ್ನು ಆರೋಪಿ ಪರ ವಕೀಲರು "ಪಾಟೀ ಸವಾಲು" ಮಾಡುತ್ತಾರೆ. ಸಾಕ್ಷಿ ಅವರ ಕಡೆಯೇ ಇದ್ದಾನೆ. "ಆ ದಿನ ಆರೋಪಿ ಊರಲ್ಲೇ ಇರಲಿಲ್ಲ, ಅಲ್ವಾ?" "ಹೌದು." ಇಂಥ ಸೂಚಕ ಪ್ರಶ್ನೆ ಕೇಳಲು ಬಿಡಬೇಕಾ?

ಸೆಕ್ಷನ್ ಶೂರ

ಪಾಟೀ ಸವಾಲಿನಲ್ಲಿ ಕೇಳಬಹುದು ಅಂತ ಕಾಯ್ದೆ ಹೇಳಿದೆ. ಷರತ್ತು ಹಾಕಿಲ್ಲ. ಬಿಡಲೇಬೇಕು.

ಹಳೇ ಕಪ್ಪು ಕೋಟು

ಕೇಳಬಹುದು ಅನ್ನುವುದು ನಿಜ. ಆದರೆ ಹಾಗೆ ಬಂದ ಉತ್ತರಕ್ಕೆ ತೂಕ ಎಷ್ಟು? ತಡೆದ ನ್ಯಾಯಾಧೀಶರನ್ನೂ ನೋಡಿದ್ದೇನೆ, ಬಿಟ್ಟು ಆಮೇಲೆ ತೀರ್ಪಿನಲ್ಲಿ ಬೆಲೆ ಕೊಡದವರನ್ನೂ ನೋಡಿದ್ದೇನೆ.

ಎರಡನೇ ವರ್ಷದ ಎಲ್‌ಎಲ್‌ಬಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೊಸ ಕ್ರಮ ಹೀಗೆ ಇಟ್ಟುಕೊಂಡಿದ್ದೇನೆ. ಮೊದಲು ಪೊಲೀಸ್ ಹೇಳಿಕೆ. ಆಮೇಲೆ ದಾರಿ ದಾವೆ, ದಾವೆಯ ಪ್ರತಿ ಕೈಯಲ್ಲಿ. ಕೊನೆಗೆ ಮದುವೆ, ವಿಡಿಯೊದವನನ್ನು ನಮ್ಮ 1ನೇ ಸಾಕ್ಷಿ ಮಾಡುತ್ತೇನೆ. 2006ರ ಶಿಕ್ಷೆ ಇನ್ನೂ ಯೋಚಿಸುತ್ತಿದ್ದೇನೆ. ಸೊಸೈಟಿ, ಹೆಂಡತಿ ಎರಡೂ ಹೋದವು. ತನಿಖಾಧಿಕಾರಿಗೆ ಕೇಳುವ ಪ್ರಶ್ನೆಯನ್ನು ಹಾಳೆಯ ತಲೆಯಲ್ಲೇ ದೊಡ್ಡದಾಗಿ ಬರೆದಿದ್ದೇನೆ.

ಹಳೇ ಕಪ್ಪು ಕೋಟು

ಒಂದು ನಿಮಿಷ ತಮ್ಮ. "ಓಡಿ ಹೋದಾಗ ಫಿರ್ಯಾದಿ ಬಿದ್ದಿದ್ದ" ಅಂತ ಹೇಳಿಕೆಯಿಂದ ತೋರಿಸುತ್ತೀಯ. ಅಂದರೆ ಅವನು ಸ್ಥಳಕ್ಕೆ ಬಂದಿದ್ದ ಅಂತ ಆಯಿತು. ಆಮೇಲೆ "ಅವನು ಮದುವೆಯಲ್ಲಿ ಇದ್ದ" ಅನ್ನುತ್ತೀಯ. ಎರಡರಲ್ಲಿ ನಿನ್ನ ಕೇಸು ಯಾವುದು?

ಎರಡನೇ ವರ್ಷದ ಎಲ್‌ಎಲ್‌ಬಿ

ಅಯ್ಯೋ. ಇದು ಹೊಳೆದೇ ಇರಲಿಲ್ಲ ಸರ್. ವಿಡಿಯೊದಲ್ಲಿ ಅವನು ಎಷ್ಟು ಗಂಟೆಗೆ ಕಾಣುತ್ತಾನೆ ಅಂತ ಇವತ್ತೇ ಕಡತದಲ್ಲಿ ನೋಡುತ್ತೇನೆ.